ಕಾರು ಚಾರ್ಜ್ ಆಗುತ್ತಿಲ್ಲವೇ? ಯಾವಾಗ ನಿಂತಿತು ಎಂದು ಮೊದಲು ನೋಡಿ

ರಾತ್ರಿ ಚಾರ್ಜಿಗೆ ಹಾಕಿದ ಕಾರು ಬೆಳಗ್ಗೆ ಅರ್ಧಕ್ಕೇ ನಿಂತಿದ್ದರೆ ಬಹಳ ಜನ ಬ್ಯಾಟರಿಯನ್ನೇ ದೂರುತ್ತಾರೆ. ಮನೆಯ ಚಾರ್ಜಿಂಗ್‌ನಲ್ಲಿ ತಪ್ಪು ಹೆಚ್ಚಾಗಿ ಗೋಡೆಯ ಕಡೆಯದು.

ಚಾರ್ಜಿಂಗ್ ಶುರುವೇ ಆಗದಿದ್ದರೆ, ಕಾರಿನಲ್ಲಿ ಟೈಮರ್ ಇಟ್ಟಿಲ್ಲವೆಂದು ಖಚಿತಪಡಿಸಿಕೊಂಡು ಗನ್ ನೋಡಿ. ಅದರಲ್ಲಿರುವ ಎರಡು ಸಣ್ಣ ಪಿನ್‌ಗಳ ಮೂಲಕವೇ ಕಾರು ಮತ್ತು ಚಾರ್ಜರ್ ಪರಸ್ಪರ ಗುರುತಿಸಿಕೊಳ್ಳುವುದು. ಅಲ್ಲಿ ದೂಳು ಕೂತಿದ್ದರೆ, ಕೇಬಲ್ಲಿನ ಭಾರಕ್ಕೆ ಗನ್ ಜೋತುಬಿದ್ದಿದ್ದರೆ ಕರೆಂಟ್ ಹರಿಯುವುದಿಲ್ಲ. ಗನ್ ಸರಿಯಾಗಿ ಕೂತಿದ್ದೂ ಚಾರ್ಜರಿನಲ್ಲಿ ಕೆಂಪು ದೀಪ ಬಂದರೆ ಅರ್ತಿಂಗ್ ಪರೀಕ್ಷಿಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಇದ್ದರೆ ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ತೀರಾ ಕಡಿಮೆ ಬಂದರೆ ಅರ್ತಿಂಗ್ ಸರಿಯಿಲ್ಲ. ಜನರೇಟರ್ ಓಡುವಾಗ ಮಾತ್ರ ಚಾರ್ಜ್ ಆಗದಿದ್ದರೂ ಸಾಮಾನ್ಯವಾಗಿ ಇದೇ ಕಾರಣ: ಅದರ ನ್ಯೂಟ್ರಲನ್ನು ಅರ್ತ್‌ಗೆ ಜೋಡಿಸಿರುವುದಿಲ್ಲ.

ಚೆನ್ನಾಗಿ ಶುರುವಾಗಿ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ನಿಲ್ಲುತ್ತಿದ್ದರೆ ಬಿಸಿಯನ್ನು ಹುಡುಕಿ. 3.3 ಕಿಲೋವ್ಯಾಟ್ ಚಾರ್ಜರ್ ಸುಮಾರು 14 ಆಂಪ್ಸ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಗೀಸರ್ ಹತ್ತಿಪ್ಪತ್ತು ನಿಮಿಷಕ್ಕೆ ಆಫ್ ಆಗುವುದರಿಂದ ಅದಕ್ಕೆ ಸಾಕಾದ ಸಾಕೆಟ್ ಕಾರಿಗೆ ಸಾಲದು. ಎಲೆಕ್ಟ್ರಿಷಿಯನ್ ಕೈಲಿ ಸಾಕೆಟ್ಟಿನ ವೋಲ್ಟೇಜನ್ನು ಎರಡು ಸಲ ಅಳೆಸಿ: ಚಾರ್ಜಿಂಗ್ ನಿಂತಿರುವಾಗ ಒಮ್ಮೆ, ನಡೆಯುತ್ತಿರುವಾಗ ಒಮ್ಮೆ. ಮೊದಲು 228 ಇದ್ದದ್ದು ಆಮೇಲೆ 214ಕ್ಕೆ ಇಳಿಯಿತು, ಮೀಟರ್ ಬೋರ್ಡಿನಲ್ಲಿ ಮಾತ್ರ 228 ಹಾಗೇ ಉಳಿಯಿತು ಎನ್ನೋಣ. ಹಾಗಿದ್ದರೆ ಆ 14 ವೋಲ್ಟ್ ಮನೆಯ ವೈರಿಂಗಿನಲ್ಲೇ ಹೋಗುತ್ತಿದೆ. ಬೋರ್ಡಿನಿಂದ ಸಾಕೆಟ್ಟಿಗೆ 30 ಮೀಟರ್, 2.5 ಚದರ ಮಿ.ಮೀ. ತಾಮ್ರದ ವೈರ್ ಇದ್ದರೆ ಅದರಲ್ಲಿ ಇಳಿಯುವುದು ಸುಮಾರು 6 ವೋಲ್ಟ್ ಅಷ್ಟೇ. ಮಿಕ್ಕ 8 ವೋಲ್ಟ್ ಯಾವುದೋ ಸಡಿಲ ಜಾಯಿಂಟಿನಲ್ಲಿ ಸುಡುತ್ತಿದೆ. 8 ವೋಲ್ಟ್, 14 ಆಂಪ್ಸ್ ಎಂದರೆ 112 ವ್ಯಾಟ್. ಬೆರಳುಗಾತ್ರದ ಜಾಗದಲ್ಲಿ ಅಷ್ಟು ಶಾಖ ಹುಟ್ಟಿದರೆ ಪ್ಲಾಸ್ಟಿಕ್ ಕರಗುತ್ತದೆ. ಪ್ಲಗ್ಗಿನಲ್ಲಿ ಶಾಖ ಅಳೆಯುವ ಸೆನ್ಸರ್ ಇದ್ದರೆ ಚಾರ್ಜರ್ ತಾನೇ ನಿಲ್ಲಿಸುತ್ತದೆ. ಇಲ್ಲದಿದ್ದರೆ ಬೆಂಕಿಯ ಭಯ ನಿಜವಾದದ್ದು. ಪಿನ್ನು ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಆ ಸಾಕೆಟ್ ಮತ್ತೆ ಬಳಸಲೇಬೇಡಿ. ಉಜ್ಜಿ ಹೊಳಪು ಮಾಡಿದರೂ ಒಳಗಿನ ಸ್ಪ್ರಿಂಗ್‌ನ ಬಿಗಿ ಮರಳದು. ಒಳ್ಳೆಯ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ವೈರ್ ಎಳೆಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಬ್ಯಾಟರಿಯ ತಾಪ ಅಡ್ಡಬರುವ ರೀತಿಯೇ ಬೇರೆ. ಸಡಿಲ ಸಾಕೆಟ್ಟಿನಿಂದ ಚಾರ್ಜಿಂಗ್ ಥಟ್ಟನೆ ನಿಲ್ಲುತ್ತದೆ. ಬ್ಯಾಟರಿ ಕಾದರೆ ಸಾಮಾನ್ಯವಾಗಿ ಮೊದಲು ವೇಗ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ರಾಯಚೂರಿನ ಕಡೆ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ನೇರ ಫಾಸ್ಟ್ ಚಾರ್ಜರಿಗೆ ಹಾಕಿದಾಗ ಪರದೆಯ ಮೇಲೆ ಕಿಲೋವ್ಯಾಟ್ ಕುಸಿಯುತ್ತಾ ಹೋಗುವುದು ಇದಕ್ಕೇ. ನೆರಳಲ್ಲಿ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ. 80 ಶೇಕಡಾ ದಾಟಿದ ಮೇಲೆ ನಿಧಾನವಾಗುವುದು ಮಾತ್ರ ದೋಷವಲ್ಲ. ತಣ್ಣನೆಯ ಬೆಳಗಿನಲ್ಲೂ ಬೇರೆ ಬೇರೆ ಚಾರ್ಜರುಗಳಲ್ಲಿ ಹೀಗೇ ಕುಸಿದರೆ ಆಗ ಸರ್ವಿಸ್ ಸೆಂಟರಿನಲ್ಲಿ ಕೂಲೆಂಟ್ ಮಟ್ಟ, ಪಂಪು ನೋಡಿಸಿ.