ಸೊಂಟನೋವಿಗೆ ಯಾವ ಈಜು? ಮೊದಲು ತಲೆ ಎಲ್ಲಿದೆ ನೋಡಿ

ಸೊಂಟ ನೋಯುತ್ತದೆ ಎಂದವರಿಗೆಲ್ಲ ‘ಈಜಿಗೆ ಹೋಗಿ’ ಎಂದು ಹೇಳುವುದುಂಟು. ಸಲಹೆ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕಾಲಿನ ಮೇಲೆ ಬೀಳುತ್ತದೆ ಎಂಬುದು ನಿಜ. ಹಾಗೆಂದು ಬೆನ್ನು ಬಾಗುವುದು, ತಿರುಚುವುದು ನಿಲ್ಲುವುದಿಲ್ಲ. ಭಾರ ಇಳಿದರೂ ಕೆಳಬೆನ್ನನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ಬಾಗಿಸಿಯೇ ಇಟ್ಟರೆ ನೋವು ಬರುತ್ತದೆ. ಅದಕ್ಕೇ ಯಾವ ಈಜು ಎಂದು ಕೇಳುವ ಮೊದಲು, ನಿಮ್ಮ ಬೆನ್ನು ಯಾವ ದಿಕ್ಕಿಗೆ ಮುನಿಸಿಕೊಳ್ಳುತ್ತದೆ ಎಂದು ತಿಳಿಯಬೇಕು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ನೇರ ನಿಂತು ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ನಿಧಾನವಾಗಿ ಐದಾರು ಸಲ ಹಿಂದಕ್ಕೆ ಬಾಗಿ. ಸ್ವಲ್ಪ ಬಿಡುವು ಕೊಟ್ಟು, ಕುರ್ಚಿಯಲ್ಲಿ ಕುಳಿತು ಅಷ್ಟೇ ಸಲ ಮುಂದಕ್ಕೆ ಬಗ್ಗಿ. ಹಿಂದಕ್ಕೆ ಬಾಗಿದಾಗ, ಹೆಚ್ಚು ಹೊತ್ತು ನಿಂತಾಗ ನೋವು ಏರಿ, ಕುಳಿತಾಗ ಇಳಿಯುವುದಾದರೆ ನಿಮ್ಮದು ಹಿಂಬಾಗು ಸಹಿಸದ ಬೆನ್ನು. ಕುಳಿತಾಗ, ಬಗ್ಗಿದಾಗ ಏರಿ, ನಡೆದಾಡಿದರೆ ಹಗುರವಾಗುವುದಾದರೆ ಮುಂಬಾಗು ಸಹಿಸದ್ದು. ಎರಡೂ ಬೆರೆತವರೂ ಇದ್ದಾರೆ, ಆದರೆ ಹೆಚ್ಚಿನವರಲ್ಲಿ ಒಂದು ದಿಕ್ಕು ಎದ್ದು ಕಾಣುತ್ತದೆ.

ಈಜುವವರಲ್ಲಿ ಮತ್ತೆ ಮತ್ತೆ ಕಾಣುವ ಒಂದು ಬಗೆಯನ್ನು ನೋಡೋಣ. ವಯಸ್ಸು ನಲವತ್ತೈದರ ಆಸುಪಾಸು. ಬೆಲ್ಟ್ ಕಟ್ಟುವ ಮಟ್ಟದಲ್ಲಿ ಅಡ್ಡಕ್ಕೆ ನೋವು, ಕಾಲಿಗೆ ಇಳಿಯುವುದಿಲ್ಲ. ನಿಂತರೆ ಹೆಚ್ಚು, ಕುಳಿತರೆ ಕಡಿಮೆ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಬ್ರೆಸ್ಟ್‌ಸ್ಟ್ರೋಕ್, ಅದೂ ಕೂದಲು ನೆನೆಯದಂತೆ, ಮುಖವನ್ನು ಪೂರ್ತಿ ನೀರಿನ ಮೇಲೆ ಎತ್ತಿಕೊಂಡು. ಈಜುವಾಗ ಏನೂ ಅನ್ನಿಸುವುದಿಲ್ಲ, ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ.

ಇಲ್ಲಿ ಕೆಲಸ ಕೆಡಿಸುವುದು ತಲೆ. ನಮ್ಮನ್ನು ತೇಲಿಸುವ ಗಾಳಿ ಇರುವುದು ಎದೆಗೂಡಿನಲ್ಲಿ, ಕೆಳಮೈ ಸಹಜವಾಗಿಯೇ ಮುಳುಗಲು ನೋಡುತ್ತದೆ. ತಲೆಯನ್ನು ನೀರಿನಿಂದ ಹೊರಗೆತ್ತಿದ ಕ್ಷಣ ಅದರ ನಾಲ್ಕೈದು ಕಿಲೋ ಭಾರವನ್ನು ನೀರು ಹೊರುವುದು ಬಿಡುತ್ತದೆ, ಕಾಲು ಇನ್ನಷ್ಟು ಕೆಳಗಿಳಿಯುತ್ತದೆ. ಕಾಲನ್ನು ಮೇಲೆ ಉಳಿಸಿಕೊಳ್ಳಲು ಈಜುವವರು ತಮಗೇ ಅರಿವಿಲ್ಲದೆ ಸೊಂಟವನ್ನು ಬಾಗಿಸುತ್ತಾರೆ. ಹಾಗೆ ಬಾಗಿದಾಗ ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಪ್ರತಿ ಉಸಿರಿಗೂ ಎದೆ ಏಳುವುದರಿಂದ ಈ ಬಾಗು ಹೇಗೂ ಇದ್ದೇ ಇರುತ್ತದೆ. ಮುಖ ಮೇಲೆಯೇ ಇಟ್ಟರೆ ಅದು ನಡುವೆ ಒಮ್ಮೆಯೂ ಬಿಡುಗಡೆಯಾಗುವುದಿಲ್ಲ.

ಇಂಥವರು ‘ಸುಲಭವಾಗಲಿ’ ಎಂದು ಕಿಕ್‌ಬೋರ್ಡ್ ಹಿಡಿದು ಕಾಲು ಬಡಿಯಲು ತೊಡಗುವುದನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತದೆ. ಚಾಚಿದ ಕೈ, ಎತ್ತಿದ ತಲೆ, ಇಳಿದ ಕಾಲು: ಅದೇ ಬಾಗು, ಮೇಲಾಗಿ ಕಾಲುಬಡಿತ. ತೊಡೆಯನ್ನು ಮುಂದಕ್ಕೆ ಎಳೆಯುವ ಮುಖ್ಯ ಸ್ನಾಯುವಿನ ಒಂದು ತುದಿ ಕೆಳಬೆನ್ನಿನ ಮೂಳೆಗಳಿಗೇ ಅಂಟಿಕೊಂಡಿರುವುದರಿಂದ, ಜೋರಾಗಿ ಬಡಿದಷ್ಟೂ ಅದು ಆ ಮೂಳೆಗಳನ್ನು ಜಗ್ಗುತ್ತದೆ.

ಈ ಬಗೆಯ ಬೆನ್ನಿಗೆ ಮೊದಲ ಎರಡು ವಾರ ಬ್ರೆಸ್ಟ್‌ಸ್ಟ್ರೋಕ್ ಪೂರ್ತಿ ಬಿಟ್ಟು, ಬ್ಯಾಕ್‌ಸ್ಟ್ರೋಕ್‌ನಿಂದ ಆರಂಭಿಸುವುದು ಸೂಕ್ತ. ಮುಖ ಸದಾ ಮೇಲಿರುವುದರಿಂದ ಉಸಿರಿಗಾಗಿ ತಲೆ ಎತ್ತುವ ಪ್ರಮೇಯವೇ ಇಲ್ಲ. ಕಿವಿ ನೀರೊಳಗಿರಲಿ, ಕಣ್ಣು ನೇರ ಮೇಲಕ್ಕೆ, ಗಲ್ಲ ತುಸುವೇ ಒಳಕ್ಕೆ. ಹೊಕ್ಕುಳು ನೀರಿನ ಮೇಲ್ಮೈಗೆ ಹತ್ತಿರವಿದ್ದರೆ ಸಾಕು, ಹೊಟ್ಟೆಯನ್ನು ಮೇಲಕ್ಕೆ ದೂಡಿದರೆ ಬೇಡವೆಂದ ಬಾಗು ಮತ್ತೆ ಬರುತ್ತದೆ. ಭುಜ ಬಿಗಿಯಿರುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು: ನೆಲದ ಮೇಲೆ ಅಂಗಾತ ಮಲಗಿ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ. ಕೈ ನೆಲ ಮುಟ್ಟುವ ಮೊದಲೇ ಸೊಂಟ ನೆಲ ಬಿಟ್ಟು ಚೆನ್ನಾಗಿ ಮೇಲೆದ್ದರೆ, ನೀರಿನಲ್ಲೂ ಪ್ರತಿ ಕೈಗೆ ಹಾಗೆಯೇ ಆಗುತ್ತದೆ. ಅಂಥವರು ಕೈಯನ್ನು ತಲೆಯ ನೇರಕ್ಕೆ ತರದೆ, ಭುಜಕ್ಕಿಂತ ಒಂದು ಗೇಣು ಹೊರಗೆ ನೀರಿಗಿಳಿಸಲಿ.

ಬ್ಯಾಕ್‌ಸ್ಟ್ರೋಕ್ ನೆಮ್ಮದಿಯಾದ ಮೇಲೆ ಫ್ರೀಸ್ಟೈಲ್. ಇದರಲ್ಲಿ ಎರಡು ತಪ್ಪುಗಳು ಸೊಂಟಕ್ಕೆ ಬಡಿಯುತ್ತವೆ. ಒಂದು, ಮುಂದೆ ನೋಡುತ್ತ ಈಜುವುದು. ನೋಟ ಕೊಳದ ತಳದ ಕಡೆಗಿರಬೇಕು. ಇನ್ನೊಂದು, ಉಸಿರಿಗೆ ಭುಜ ತಿರುಗಿಸಿ ಸೊಂಟವನ್ನು ಚಪ್ಪಟೆಯಾಗಿಯೇ ಬಿಡುವುದು. ಕೆಳಬೆನ್ನಿನ ಕೀಲುಗಳ ರಚನೆಯೇ ಹೆಚ್ಚು ತಿರುಚಲು ಬಿಡದಂಥದ್ದು, ಒಟ್ಟಾರೆ ತಿರುಗುವುದೇ ಕೆಲವು ಡಿಗ್ರಿ. ಆದ್ದರಿಂದ ಭುಜವೂ ಸೊಂಟವೂ ಮರದ ದಿಮ್ಮಿ ಹೊರಳಿದಂತೆ ಒಟ್ಟಿಗೇ ಹೊರಳಬೇಕು. ಉಸಿರೆಳೆಯುವಾಗ ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಉಳಿದರೆ ತಲೆ ಸರಿಯಾಗಿದೆ. ಎರಡೂ ಹೊರಬಂದರೆ ತಲೆ ಎದ್ದಿದೆ, ಕಾಲು ಇಳಿದಿದೆ. ಇದು ಕೂಡಲೇ ಬರದಿದ್ದರೆ ಮುಖದ ನಡುವೆ ನಿಲ್ಲುವ ಸ್ನಾರ್ಕೆಲ್ ಹಾಕಿಕೊಳ್ಳಿ. ತಲೆ ತಿರುಗಿಸುವ ಕೆಲಸವೇ ತಪ್ಪುತ್ತದೆ. ತೊಡೆಗಳ ನಡುವೆ ಇಡುವ ಪುಲ್ ಬಾಯ್ ಮಾತ್ರ ಯೋಚಿಸಿ ಬಳಸಿ: ಕಾಲು ಮುಳುಗುವವರಿಗೆ ಅದು ನೆರವಾಗಬಹುದು, ಆದರೆ ಹೊಟ್ಟೆ ಸಡಿಲ ಬಿಟ್ಟವರಲ್ಲಿ ಪೃಷ್ಠವನ್ನು ಮೇಲೆತ್ತಿ ಸೊಂಟವನ್ನು ಬಾಗಿಸುತ್ತದೆ.

ಲೆಕ್ಕ ಹೀಗಿರಲಿ: ಎದೆಮಟ್ಟದ ನೀರಿನಲ್ಲಿ ಐದು ನಿಮಿಷ ನಡಿಗೆ. ಬಳಿಕ 25 ಮೀಟರ್‌ನಂತೆ ನಾಲ್ಕು ಬ್ಯಾಕ್‌ಸ್ಟ್ರೋಕ್, ನಾಲ್ಕು ಫ್ರೀಸ್ಟೈಲ್, ಪ್ರತಿಯೊಂದರ ನಡುವೆ ಅರ್ಧ ನಿಮಿಷ ಬಿಡುವು. ಒಟ್ಟು 200 ಮೀಟರ್. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಹತ್ತಕ್ಕೆ ಮೂರರೊಳಗಿನ ನೋವು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದಿನ ವಾರ 50 ಮೀಟರ್ ಸೇರಿಸಿ. ಇಳಿಯದಿದ್ದರೆ ದೂರ ಹೆಚ್ಚಿಸಬೇಡಿ, ಎರಡು ಈಜುಗಳಲ್ಲಿ ಒಂದನ್ನು ತೆಗೆದು ಯಾವುದು ಕಾರಣ ಎಂದು ನೋಡಿ. ಮೂರನೇ ವಾರದಿಂದ, ನೋವು ತಹಬಂದಿಗೆ ಬಂದಿದ್ದರೆ, ನಾಲ್ಕರಲ್ಲಿ ಒಂದು ಸುತ್ತನ್ನು ಬ್ರೆಸ್ಟ್‌ಸ್ಟ್ರೋಕ್ ಮಾಡಬಹುದು. ಆದರೆ ಮುಖ ನೀರೊಳಗೆ, ಪ್ರತಿ ಕಿಕ್ ಮುಗಿದ ಮೇಲೆ ಎರಡೆಣಿಸುವಷ್ಟು ಹೊತ್ತು ನೇರ ಜಾರುತ್ತ. ಬೆನ್ನು ನೇರವಾಗಿ ಸುಧಾರಿಸಿಕೊಳ್ಳುವುದು ಆ ಜಾರುವಿಕೆಯಲ್ಲೇ. ಬಟರ್‌ಫ್ಲೈ ಈ ಹಂತದಲ್ಲಿ ಬೇಡವೇ ಬೇಡ. ಪ್ರತಿ ಸುತ್ತಿನಲ್ಲೂ ಬೆನ್ನು ಎರಡೂ ದಿಕ್ಕಿಗೆ ವೇಗವಾಗಿ ಬಾಗುವ ಈಜು ಅದು.

ಮುಂಬಾಗು ಸಹಿಸದ ಬೆನ್ನಿನ ಲೆಕ್ಕ ಬೇರೆ. ಅವರಲ್ಲಿ ಕೆಲವರಿಗೆ ಬ್ರೆಸ್ಟ್‌ಸ್ಟ್ರೋಕ್ ಹಿತವಾಗಿಯೇ ಇರುತ್ತದೆ. ಬ್ಯಾಕ್‌ಸ್ಟ್ರೋಕ್‌ನಲ್ಲೇ ತೊಂದರೆ ಕಾಣಬಹುದು: ಗಲ್ಲ ಎದೆಗೊತ್ತಿ ಕಾಲಬೆರಳು ನೋಡುತ್ತ ಈಜಿದರೆ ಸೊಂಟ ಕೆಳಗಿಳಿದು ನೀರಿನಲ್ಲಿ ಕುಳಿತ ಭಂಗಿಯೇ ಆಗುತ್ತದೆ. ಮಂಡಿ ನೀರಿನಿಂದ ಹೊರಗೆ ಏಳುತ್ತಿದ್ದರೆ ಹಾಗಾಗುತ್ತಿದೆ ಎಂದೇ ತಿಳಿಯಿರಿ. ಗೋಡೆಯ ಬಳಿ ಉರುಳಿ ತಿರುಗುವ ಟರ್ನ್ ಬಿಟ್ಟು ಕೈಯಿಂದ ಮುಟ್ಟಿ ತಿರುಗಲಿ. ಮೇಲೆ ಬಂದ ಮೇಲೆ ಬಗ್ಗಿ ಕಾಲು ಒರೆಸುವಾಗ ನೋವು ಕಂಡು, ದೋಷವನ್ನು ಈಜಿನ ಮೇಲೆ ಹಾಕುವವರೂ ಉಂಟು. ಕಾಲನ್ನು ಬೆಂಚಿನ ಮೇಲಿಟ್ಟು ಒರೆಸಿಕೊಂಡರಾಯಿತು.

ನೋವು ಪೃಷ್ಠ ದಾಟಿ ಮಂಡಿಯ ಕೆಳಗೆ ಇಳಿಯತೊಡಗಿದರೆ ಆ ದಿನದ ಈಜು ಅಲ್ಲಿಗೇ ನಿಲ್ಲಲಿ. ಬಿದ್ದ ಬಳಿಕ ಶುರುವಾದ ನೋವು, ಜ್ವರದೊಂದಿಗಿನ ನೋವು, ರಾತ್ರಿ ನಿದ್ದೆಗೆಡಿಸಿ ಯಾವ ಭಂಗಿಗೂ ಜಗ್ಗದ ನೋವು ಇದ್ದರೆ ವೈದ್ಯರು ನೋಡುವವರೆಗೆ ನೀರಿಗಿಳಿಯಬೇಡಿ. ತೊಡೆಸಂದಿಯ ಸುತ್ತ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಪಾದ ಎತ್ತಲು ಬಲ ಸಾಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.