ಮಲಗಿದರೂ ಇಳಿಯದ ಬಳಲಿಕೆ: ಕ್ಯಾನ್ಸರ್ ರೋಗಿಗೆ ನಡಿಗೆಯ ಅಳತೆಯನ್ನು ಗೊತ್ತುಪಡಿಸುವ ಬಗೆ

ಕಲಬುರಗಿಯಲ್ಲಿ ಫಿಸಿಯೋಥೆರಪಿ ಕಲಿಯುತ್ತಿರುವ ನಾವು ಕ್ಯಾನ್ಸರ್ ರೋಗಿಗಳನ್ನು ಮಾತನಾಡಿಸುವಾಗ ನೋವಿಗಿಂತಲೂ ಹೆಚ್ಚು ಸಲ ಕೇಳುವ ದೂರು ಒಂದಿದೆ: "ಮೈಯಾಗ ತಾಕತ್ತೇ ಇಲ್ರೀ, ಮಲಕ್ಕೊಂಡು ಎದ್ದರೂ ಹಗುರ ಆಗೋದಿಲ್ಲ." ಈ ಮಾತಿನ ಎರಡನೆಯ ಅರ್ಧವನ್ನು ನಾವು ಗಮನವಿಟ್ಟು ಕೇಳಬೇಕು. ಹೊಲದಲ್ಲಿ ದಿನವಿಡೀ ದುಡಿದವರ ದಣಿವು ಒಂದು ರಾತ್ರಿಯ ನಿದ್ದೆಯಿಂದ ಇಳಿಯುತ್ತದೆ. ಈ ರೋಗಿಗಳದು ಹಾಗಲ್ಲ. ಮಾಡಿದ ಕೆಲಸಕ್ಕೂ ಆಗುವ ಆಯಾಸಕ್ಕೂ ತಾಳೆಯೇ ಇರುವುದಿಲ್ಲ, ಸ್ನಾನ ಮಾಡಿ ಸೀರೆ ಉಟ್ಟುಕೊಳ್ಳುವಷ್ಟರಲ್ಲಿ ಕುಸಿದು ಕೂರುವಂತಾಗುತ್ತದೆ, ಎಂಟು ಗಂಟೆ ಮಲಗಿ ಎದ್ದರೂ ಅದು ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಸಾಮಾನ್ಯವಾದದ್ದನ್ನು ದಣಿವು ಎಂದೂ ರೋಗದಿಂದ ಅಥವಾ ಅದರ ಚಿಕಿತ್ಸೆಯಿಂದ ಬಂದದ್ದನ್ನು ಬಳಲಿಕೆ ಎಂದೂ ಬೇರೆ ಬೇರೆಯಾಗಿ ಕರೆಯುತ್ತೇನೆ.

ಬಳಲಿಕೆಯ ಮೂಲ ಸ್ನಾಯುವಿನಲ್ಲಷ್ಟೇ ಇಲ್ಲ. ಗೆಡ್ಡೆ, ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಗಳು ದೇಹದಲ್ಲಿ ಉರಿಯೂತದ ಸಂಕೇತಗಳನ್ನು, ಅಂದರೆ ಸೈಟೋಕೈನ್‌ಗಳನ್ನು, ಹೆಚ್ಚಿಸುತ್ತವೆ. ಜ್ವರ ಬಂದಾಗ ಏಳಲು ಮನಸ್ಸಾಗದಂತೆ ಮಾಡುವುದೂ ಇಂಥವೇ ಸಂಕೇತಗಳು. ಜ್ವರದಲ್ಲಿ ಅವು ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಇಲ್ಲಿ ಕೆಲವರಲ್ಲಿ ತಿಂಗಳುಗಟ್ಟಲೆ, ಚಿಕಿತ್ಸೆ ಮುಗಿದ ಮೇಲೂ, ಉಳಿದುಕೊಳ್ಳಬಹುದು. ಇದರ ಜೊತೆಗೆ ಹಗಲು ರಾತ್ರಿಗಳ ಲಯ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಊಟ ಕಡಿಮೆಯಾಗುತ್ತದೆ. ಇವುಗಳಲ್ಲಿ ಯಾವುದೂ ಮಲಗಿದ್ದರಿಂದ ಸರಿಹೋಗುವಂಥದ್ದಲ್ಲ.

ವಿಶ್ರಾಂತಿಯಿಂದ ಉಪಯೋಗವಾಗದಿರುವುದು ಮಾತ್ರವಲ್ಲ, ಅತಿಯಾದರೆ ಅದು ಬಳಲಿಕೆಯನ್ನು ಬೆಳೆಸುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅಳೆದಾಗ, ದೇಹವು ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣವು ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಯಾವ ರೋಗವೂ ಇಲ್ಲದ ಇಪ್ಪತ್ತರ ಹುಡುಗರ ಗತಿ ಇದಾದರೆ, ಕೀಮೋಥೆರಪಿಯಿಂದ ಸೊರಗಿದ ದೇಹಕ್ಕೆ ಏನಾದೀತೆಂದು ಊಹಿಸಬಹುದು.

ಈ ಕುಸಿತವು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಸುಮ್ಮನೆ ಕುಳಿತಾಗ ದೇಹಕ್ಕೆ ಬೇಕಾಗುವ ಆಮ್ಲಜನಕವನ್ನು ಒಂದು ಎಂದು ಎಣಿಸೋಣ. ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯುವ ಕೆಲಸಕ್ಕೆ ಸುಮಾರು ಮೂರು ಬೇಕು ಎಂದು ಇಟ್ಟುಕೊಳ್ಳೋಣ. ಗರಿಷ್ಠ ಸಾಮರ್ಥ್ಯ ಆರು ಇರುವವರಿಗೆ ಅದು ಅರ್ಧ ಶ್ರಮದ ಕೆಲಸ, ಮಾತಾಡುತ್ತ ಮಾಡಬಹುದು. ಎರಡು ತಿಂಗಳು ಮಲಗಿ ಸಾಮರ್ಥ್ಯ ನಾಲ್ಕಕ್ಕೆ ಇಳಿದರೆ ಅದೇ ರೊಟ್ಟಿ ಮುಕ್ಕಾಲು ಶ್ರಮವಾಗುತ್ತದೆ, ನಾಲ್ಕು ರೊಟ್ಟಿಗೇ ಉಸಿರು ಕಟ್ಟುತ್ತದೆ. ಆಗ ಮನೆಯವರು "ನೀ ಸುಮ್ನ ಮಲಕೋ, ರೊಟ್ಟಿ ನಾ ಬಡೀತೀನಿ" ಎನ್ನುತ್ತಾರೆ. ಅಂತಃಕರಣದಿಂದ ಬಂದ ಮಾತದು, ಅದನ್ನು ನಾವು ಹೀಗಳೆಯಬಾರದು; ಆದರೆ ಅದರಿಂದ ಸಾಮರ್ಥ್ಯ ಇನ್ನೂ ಇಳಿಯುತ್ತದೆ, ಮರುತಿಂಗಳು ಸ್ನಾನವೇ ಮುಕ್ಕಾಲು ಶ್ರಮವಾಗುತ್ತದೆ. ಹಂತಹಂತದ ವ್ಯಾಯಾಮವು ಮುಖ್ಯವಾಗಿ ಮಾಡುವುದು ಈ ಲೆಕ್ಕವನ್ನು ತಿರುಗಿಸುವ ಕೆಲಸವನ್ನೇ. ಅದು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಸಾಮರ್ಥ್ಯವನ್ನು ಹೆಚ್ಚಿಸಿ ಅದೇ ಕೆಲಸವನ್ನು ಹಗುರಗೊಳಿಸುತ್ತದೆ. ಜೊತೆಗೆ ರಾತ್ರಿಯ ನಿದ್ದೆ ಗಟ್ಟಿಯಾಗುತ್ತದೆ, ಮನಸ್ಸಿನ ಕುಗ್ಗುವಿಕೆ ತಗ್ಗುತ್ತದೆ. 2017ರಲ್ಲಿ ಪ್ರಕಟವಾದ, 113 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ವ್ಯಾಯಾಮ ಮತ್ತು ಮಾನಸಿಕ ಚಿಕಿತ್ಸೆಗಳೆರಡೂ ಔಷಧಿಗಳಿಗಿಂತ ಹೆಚ್ಚು ಬಳಲಿಕೆಯನ್ನು ಇಳಿಸಿದ್ದವು.

ಇನ್ನು ಒಂದು ಪ್ರಕರಣವನ್ನು ನೋಡೋಣ. ಇದು ಅಭ್ಯಾಸಕ್ಕಾಗಿ ನಾನೇ ಕಟ್ಟಿಕೊಂಡದ್ದು, ಯಾರೊಬ್ಬರ ಕಥೆಯೂ ಅಲ್ಲ. ಸೇಡಂ ತಾಲ್ಲೂಕಿನ ಹಳ್ಳಿಯ 46 ವರ್ಷದ ಮಹಿಳೆ. ಎಡ ಸ್ತನದ ಶಸ್ತ್ರಚಿಕಿತ್ಸೆಯಾಗಿದೆ, ಕೀಮೋಥೆರಪಿ ಮುಗಿದು ಎರಡು ತಿಂಗಳಾಗಿದೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಬಳಲಿಕೆಯನ್ನು ಆರು ಎನ್ನುತ್ತಾರೆ. ಒಂದರಿಂದ ಮೂರು ಅಲ್ಪ, ನಾಲ್ಕರಿಂದ ಆರು ಮಧ್ಯಮ, ಏಳು ಮತ್ತು ಮೇಲಿನದು ತೀವ್ರ ಎಂಬುದು ರೂಢಿಯ ವಿಂಗಡಣೆ. ಮಧ್ಯಾಹ್ನ ಮೂರು ಗಂಟೆ ಮಲಗುತ್ತಾರೆ, ರಾತ್ರಿ ಒಂದು ಗಂಟೆಯವರೆಗೆ ಕಣ್ಣು ಮುಚ್ಚುವುದಿಲ್ಲ.

ಇಂಥವರಿಗೆ ನೇರವಾಗಿ ನಡಿಗೆ ಹೇಳಿ ಕಳುಹಿಸುವುದು ತಪ್ಪು. ಸರಿಪಡಿಸಬಹುದಾದ ಕಾರಣಗಳನ್ನು ವೈದ್ಯರು ಮೊದಲು ಹುಡುಕಬೇಕು: ರಕ್ತಹೀನತೆ, ಥೈರಾಯ್ಡ್ ಕೊರತೆ, ತಡೆಯದ ನೋವು, ಖಿನ್ನತೆ, ಮಂಪರು ತರುವ ಮಾತ್ರೆಗಳು. ಕೆಲವು ಕೀಮೋ ಔಷಧಿಗಳು ಹೃದಯವನ್ನು ದುರ್ಬಲಗೊಳಿಸಬಲ್ಲವಾದ್ದರಿಂದ ಏರುಸಿರು ಅಥವಾ ಕಾಲಿನ ಬಾವು ಇದ್ದರೆ ಹೃದಯದ ಪರೀಕ್ಷೆಯೂ ಆಗಬೇಕು. ನಮ್ಮ ಪ್ರಕರಣದಲ್ಲಿ ಹಿಮೋಗ್ಲೋಬಿನ್ 9.8 ಇದೆ ಎಂದುಕೊಳ್ಳಿ. ಅದು ಕಡಿಮೆಯೇ, ಅದಕ್ಕೆ ಚಿಕಿತ್ಸೆ ನಡೆಯಬೇಕು, ಆದರೆ ಹಗುರ ನಡಿಗೆಗೆ ಅಡ್ಡಿಯಲ್ಲ. ಎಂಟಕ್ಕಿಂತ ಕೆಳಗಿದ್ದರೆ, ಜ್ವರವಿದ್ದರೆ, ಪ್ಲೇಟ್‌ಲೆಟ್ ತೀರ ಇಳಿದಿದ್ದರೆ, ರೋಗವು ಎಲುಬಿಗೆ ಹರಡಿದ್ದರೆ ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ನಾವು ಏನನ್ನೂ ಆರಂಭಿಸಬಾರದು.

ಈಗ ಆರಂಭದ ಅಳತೆ. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಅವರು 320 ಮೀಟರ್ ನಡೆದರು. ಇದು ಮುಂದೆ ಹೋಲಿಸಿ ನೋಡಲು ಬೇಕಾದ ಸಂಖ್ಯೆ, ದಿನದ ಪ್ರಮಾಣವನ್ನು ಇದರಿಂದ ನಿರ್ಧರಿಸುವುದಿಲ್ಲ. ಪ್ರಮಾಣಕ್ಕಾಗಿ ಬೇರೆಯೇ ಪ್ರಶ್ನೆ ಕೇಳಬೇಕು: "ಅಕ್ಕಾ, ಭಾಳ ಸುಸ್ತ ಇದ್ದ ದಿನಾನೂ ಎಷ್ಟೊತ್ತು ನಡದ್ರ ಮರುದಿನ ತ್ರಾಸ ಆಗೋದಿಲ್ಲ?" ಒಳ್ಳೆಯ ದಿನದ ಉತ್ತರವನ್ನು ಹಿಡಿದರೆ ಮೊದಲ ವಾರವೇ ಯೋಜನೆ ಮುರಿಯುತ್ತದೆ, ಕೆಟ್ಟ ದಿನದ ಉತ್ತರವೇ ಅಡಿಪಾಯ. ಅವರು ಏಳು ನಿಮಿಷ ಎಂದರು. ಆದ್ದರಿಂದ ಏಳು ನಿಮಿಷದ ನಡಿಗೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಾರಕ್ಕೆ ಐದು ದಿನ. ವೇಗವನ್ನು ಮಾತಿನಿಂದಲೇ ಅಳೆಯಬಹುದು: ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತೂ ತುಂಡಾದರೆ ವೇಗ ಹೆಚ್ಚಾಯಿತು. ಆರಂಭ ನವೆಂಬರಿನಲ್ಲಾದ್ದರಿಂದ ಹವೆ ಅನುಕೂಲವಾಗಿತ್ತು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಾದರೆ ಸೂರ್ಯ ಏರುವ ಮುನ್ನವೇ ನಡಿಗೆ ಮುಗಿಯಬೇಕು, ಇಲ್ಲವೇ ಮನೆಯ ಪಡಸಾಲೆಯಲ್ಲಿ ನಡೆಯಬೇಕು.

ಹೆಚ್ಚಿಸುವ ನಿಯಮ ಒಂದೇ. ಪ್ರತಿದಿನ ಬೆಳಿಗ್ಗೆ ಎದ್ದೊಡನೆ ಬಳಲಿಕೆಯ ಅಂಕವನ್ನು ಬರೆದಿಡಬೇಕು. ವಾರವಿಡೀ ಅಂಕ ಏರದಿದ್ದರೆ ಪ್ರತಿ ನಡಿಗೆಗೆ ಒಂದೆರಡು ನಿಮಿಷ ಸೇರಿಸಬೇಕು. ಒಂದು ಅಂಕ ಏರಿದರೆ ಅದೇ ಪ್ರಮಾಣದಲ್ಲಿ ನಿಲ್ಲಬೇಕು. ಎರಡು ಅಥವಾ ಹೆಚ್ಚು ಏರಿ ಮರುದಿನವೂ ಇಳಿಯದಿದ್ದರೆ ಹಿಂದಿನ ವಾರದ ಪ್ರಮಾಣಕ್ಕೆ ಮರಳಬೇಕು. ಈ ಅಂಕಗಳ ಗಡಿ ನಾನು ಕೆಲಸಕ್ಕೆಂದು ಇಟ್ಟುಕೊಂಡದ್ದು. ತತ್ತ್ವವೇನೆಂದರೆ ನಡೆದ ಕೂಡಲೇ ಆಗುವ ಆಯಾಸವನ್ನಲ್ಲ, ಮರುದಿನದ ಬೆಳಗನ್ನು ನೋಡಿ ಪ್ರಮಾಣ ತೀರ್ಮಾನಿಸಬೇಕು. ನಡೆದಾಗ ಆಗುವ ಆಯಾಸ ಅರ್ಧ ಗಂಟೆಯಲ್ಲಿ ಇಳಿದರೆ ಅದು ದಣಿವು, ಸಹಜವಾದದ್ದು. ಮೂರನೆಯ ವಾರದ ಹೊತ್ತಿಗೆ ನಡಿಗೆ ಹತ್ತು ನಿಮಿಷ ಮುಟ್ಟಿತು. ಅದೇ ವಾರದಿಂದ ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಎಂಟರಂತೆ ಎರಡು ಸುತ್ತು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳೆತ್ತುವುದು ಎರಡು ಸುತ್ತು ಸೇರಿದವು. ಎಡಗೈಯ ಬಳೆ ಬಿಗಿಯಾಗುತ್ತಿದೆಯೇ ಎಂದು ಪ್ರತಿ ವಾರ ಕೇಳಬೇಕು. ಬಿಗಿಯಾದರೆ ಅದು ದುಗ್ಧರಸದ ಬಾವಿನ ಮೊದಲ ಸೂಚನೆಯಾಗಿರಬಹುದು, ತೋಳಿನ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಧ್ಯಾಹ್ನದ ನಿದ್ದೆಯನ್ನು ಮೂರು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಲು ಎರಡು ವಾರ ಹಿಡಿಯಿತು. ನಡಿಗೆಗಿಂತ ಇದೇ ಕಷ್ಟವಾಯಿತು.

ಆರನೆಯ ವಾರದಲ್ಲಿ, ಸಾಮಾನ್ಯವಾಗಿ ಎಲ್ಲ ಯೋಜನೆಗಳೂ ಎಡವುವ ಕಡೆ, ಇದೂ ಎಡವಿತು. ಬೆಳಗಿನ ಅಂಕ ನಾಲ್ಕಕ್ಕೆ ಇಳಿದಿತ್ತು, ಮೈ ಹಗುರೆನಿಸಿತ್ತು, ತೊಗರಿ ಕಟಾವಿನ ಸುಗ್ಗಿ ನಡೆದಿತ್ತು. ಅವರು ನೆಗೆಣ್ಣಿಯ ಜೊತೆ ಅರ್ಧ ದಿನ ಹೊಲದಲ್ಲಿ ದುಡಿದರು. ಮರುದಿನ ಅಂಕ ಎಂಟು, ಮೂರು ದಿನ ಹಾಸಿಗೆ. "ವ್ಯಾಯಾಮದಿಂದಲೇ ಹೀಂಗಾತು" ಎಂದು ಮನೆಯವರು ನಡಿಗೆಯನ್ನೇ ನಿಲ್ಲಿಸಿದರು. ದಿನಚರಿ ಬರೆದಿಟ್ಟಿದ್ದರೆ ಇಲ್ಲಿ ಅದು ಕೈಹಿಡಿಯುತ್ತದೆ: ಐದು ವಾರ ನಡಿಗೆ ಏರಿದಂತೆ ಅಂಕ ಇಳಿದದ್ದೂ, ಹೊಲಕ್ಕೆ ಹೋದ ಮರುದಿನವೇ ಹಾರಿದ್ದೂ ಒಂದೇ ಪುಟದಲ್ಲಿ ಕಾಣುತ್ತದೆ. ಪರಿಹಾರವು ಪೂರ್ಣ ವಿಶ್ರಾಂತಿಯೂ ಅಲ್ಲ, ಬಿಟ್ಟಲ್ಲಿಂದಲೇ ಹಿಡಿಯುವುದೂ ಅಲ್ಲ. ಮೂರು ದಿನ ಏಳು ನಿಮಿಷ, ನಂತರ ಒಂದು ವಾರ ಹತ್ತು ನಿಮಿಷ, ಆಮೇಲೆ ಹಳೆಯ ಏರಿಕೆ. ಹೊಲದ ಕೆಲಸವೂ ವ್ಯಾಯಾಮದ ಲೆಕ್ಕದಲ್ಲೇ ಸೇರುತ್ತದೆ, ಅದನ್ನೂ ನಿಮಿಷದಲ್ಲೇ ಅಳೆದು ಸೇರಿಸಬೇಕು ಎಂಬುದನ್ನು ರೋಗಿಗೆ ಮಾತ್ರವಲ್ಲ, ನೆಗೆಣ್ಣಿಗೂ ಅತ್ತೆಗೂ ಕೂರಿಸಿ ಹೇಳಬೇಕು.

ಒಂದು ಎಚ್ಚರಿಕೆ ಪರೀಕ್ಷೆಗೂ ಬೇಕಾದದ್ದು. ದೀರ್ಘಕಾಲದ ಬಳಲಿಕೆಯ ಸಿಂಡ್ರೋಮ್ ಎಂಬ ಬೇರೊಂದು ರೋಗವಿದೆ. ಅದರಲ್ಲಿ ಸ್ವಲ್ಪ ಶ್ರಮದಿಂದಲೂ ರೋಗ ದಿನಗಟ್ಟಲೆ ಉಲ್ಬಣಿಸುತ್ತದೆ, ಹೀಗಾಗಿ ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯು ಅದಕ್ಕೆ ನಿಗದಿತವಾಗಿ ಏರಿಸುತ್ತ ಹೋಗುವ ವ್ಯಾಯಾಮ ಕೊಡಬಾರದೆಂದಿದೆ. ಆ ಮಾತನ್ನು ಕ್ಯಾನ್ಸರ್ ಬಳಲಿಕೆಗೆ ಅನ್ವಯಿಸುವುದು ತಪ್ಪು, ಇಲ್ಲಿಯ ಏರಿಕೆಯನ್ನು ಅಲ್ಲಿಗೆ ಅನ್ವಯಿಸುವುದೂ ಅಷ್ಟೇ ತಪ್ಪು. ಕ್ಯಾನ್ಸರ್ ರೋಗಿಯಲ್ಲಿಯೂ ಅತಿ ಕಡಿಮೆ ಪ್ರಮಾಣಕ್ಕೇ ಅಂಕ ಪ್ರತಿ ಸಲ ಹಾರುತ್ತಿದ್ದರೆ, ಅಥವಾ ಎದೆನೋವು, ತಲೆಸುತ್ತು, ಎದೆಬಡಿತ ತಪ್ಪುವುದು ಕಂಡರೆ, ಪ್ರಮಾಣ ತಿದ್ದುತ್ತ ಕೂರದೆ ವೈದ್ಯರ ಬಳಿ ಕಳುಹಿಸಬೇಕು.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2018ರಲ್ಲಿ ಸೇರಿಸಿದ ತಜ್ಞರ ಸಭೆಯು ಬಳಲಿಕೆ ಇಳಿಯಲು ಮಧ್ಯಮ ವೇಗದ ಅರ್ಧ ಗಂಟೆಯ ವ್ಯಾಯಾಮ ವಾರಕ್ಕೆ ಮೂರು ಸಲ, ಕನಿಷ್ಠ ಹನ್ನೆರಡು ವಾರ ಬೇಕೆಂದು ಹೇಳಿದೆ. ನಮ್ಮ ಪ್ರಕರಣದಲ್ಲಿ ಸುಗ್ಗಿಯ ಹಿನ್ನಡೆಯಿಂದಾಗಿ ದಿನದ ಎರಡೂ ನಡಿಗೆ ಸೇರಿ ಅರ್ಧ ಗಂಟೆ ಮುಟ್ಟಿದ್ದು ಹದಿನಾಲ್ಕನೆಯ ವಾರದಲ್ಲಿ. ಆ ವಾರ ಆರು ನಿಮಿಷದ ನಡಿಗೆ 390 ಮೀಟರ್, ಬೆಳಗಿನ ಅಂಕ ಮೂರು, ನಿದ್ದೆ ರಾತ್ರಿ ಹನ್ನೊಂದಕ್ಕೆ ಹತ್ತುತ್ತದೆ. ಹತ್ತು ರೊಟ್ಟಿ ಬಡಿಯುತ್ತಾರೆ, ಐದರ ನಂತರ ಒಮ್ಮೆ ಕೂತು ಸುಧಾರಿಸಿಕೊಳ್ಳುತ್ತಾರೆ. ಹನ್ನೊಂದನೆಯದನ್ನು ಈಗಲೂ ನೆಗೆಣ್ಣಿಯೇ ಬಡಿಯುತ್ತಾಳೆ.