ಕೇಳಿಸದ ಐದು ಸೆಕೆಂಡು

ಪುಣೆಯ ಕೋಥ್ರುಡ್‌ನಲ್ಲಿ ನಮ್ಮ ಮನೆ. ಸ್ಟುಡಿಯೋಗಳಲ್ಲಿ ಸ್ಪೀಕರ್ ಹೊಂದಿಸುವುದು ನನ್ನ ಕೆಲಸ. ಹುಬ್ಬಳ್ಳಿಯ ಅಕ್ಕನ ಮಗ ಈಗ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾನೆ, ರವಿವಾರ ಊಟಕ್ಕೆ ಬರುತ್ತಾನೆ. ಹೋದ ತಿಂಗಳು ಹೊಸ ಫೋನ್ ತಂದಿದ್ದ. ಅದರ ಸ್ಪೀಕರ್ ಹೇಗಿದೆ ನೋಡೋಣ ಅಂತ ಪೈಥಾನ್‌ನಲ್ಲಿ ಒಂದು ಸ್ವೀಪ್ ಮಾಡಿಕೊಂಡು ಬಂದಿದ್ದ. ಸ್ವೀಪ್ ಅಂದರೆ ತಗ್ಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲೂ ತಡೆಯದೆ ಏರುವ ಒಂದೇ ಸದ್ದು. ಇವನದು 100 ಹರ್ಟ್ಸ್‌ನಿಂದ 10,000 ಹರ್ಟ್ಸ್‌ವರೆಗೆ, 20 ಸೆಕೆಂಡು.

ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೋರಿಸಿದ. ಸದ್ದು ಏರುತ್ತಾ ಹೋಗಿ ಕಿವಿಗೆ ಸಿಗದಷ್ಟು ಮೇಲೆ ಹೋಯಿತು. ಆಮೇಲೆ ಸುಮ್ನಿರಬೇಕಲ್ವಾ? ಇಲ್ಲ. ಮೇಲಿಂದ ಸುಯ್ಯಂತ ಕೆಳಗಿಳಿದು, ಕೊನೆಯ ಅರ್ಧ ಸೆಕೆಂಡಿನಲ್ಲಿ ಮತ್ತೆ ಮೇಲೆ ಹಾರಿತು. "ಸೌಂಡ್ ಕಾರ್ಡ್ ಕೆಟ್ಟೈತೇನ್ ಮಾಮಾ?" ಅಂದ. ಕೆಟ್ಟಿದ್ದು ಅದಲ್ಲ, ಒಂದು ಸಾಲು. ಆ ಕ್ಷಣದ ಕಂಪನ ಸಂಖ್ಯೆ `f`ಗೆ ಸೂತ್ರ ಸರಿಯಾಗಿಯೇ ಬರೆದಿದ್ದ. ಆದರೆ ಅದನ್ನು `np.sin(2 * np.pi * f * t)` ಒಳಗೆ ಹಾಕಿದ್ದ.

ಇದು ಬಹಳ ಜನ ಮಾಡುವ ತಪ್ಪು. ಅವನಿಗೆ ಹೇಳಿದ್ದು ಹೀಗೆ: ನೀನು ಪುಣೆಯಿಂದ ಮುಂಬೈಗೆ ಹೊರಟಿದ್ದೀಯ. ಖಂಡಾಲ ಘಾಟ್‌ನಲ್ಲಿ ಆಮೆಯ ಹಾಗೆ ತೆವಳಿದೆ, ಈಗ ಕೆಳಗಿಳಿದು ನೂರರಲ್ಲಿ ಓಡಿಸುತ್ತಿದ್ದೀಯ. ಹೊರಟು ಎರಡು ತಾಸಾಯಿತು. ಹಾಗಂತ ಇನ್ನೂರು ಕಿಲೋಮೀಟರ್ ಬಂದೆ ಅಂತೀಯಾ? ಈಗಿನ ವೇಗವನ್ನು ಪೂರ್ತಿ ಹೊತ್ತಿಗೆ ಗುಣಿಸಿದರೆ ದೂರ ಬರೋದಿಲ್ಲ, ಕ್ಷಣಕ್ಷಣದ ವೇಗ ಕೂಡುತ್ತಾ ಬರಬೇಕು. ಇಲ್ಲೂ ಅಷ್ಟೇ. `sin` ಒಳಗೆ ಹೋಗಬೇಕಾದ್ದು ಇಲ್ಲಿಯವರೆಗೆ ಎಷ್ಟು ಸುತ್ತು ಆಯಿತು ಅನ್ನುವ ಲೆಕ್ಕ. ಅವನ ಸಾಲಿನಲ್ಲಿ ಸದ್ದು 10,000ಕ್ಕೆ ನಿಲ್ಲದೆ ಕೊನೆಗೆ 56,000 ಹರ್ಟ್ಸ್‌ವರೆಗೆ ಓಡುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವ ಫೈಲಿನಲ್ಲಿ ಅದರ ಅರ್ಧ, ಅಂದರೆ 24,000 ಹರ್ಟ್ಸ್ ದಾಟಿದ್ದೆಲ್ಲ ಮಡಚಿಕೊಂಡು ಕೆಳಗೆ ಬರುತ್ತದೆ. ಅದಕ್ಕೇ 17ನೇ ಸೆಕೆಂಡಿನಿಂದ ಆ ಇಳಿಜಾರು. ಸ್ವೀಪ್ ಏರುವುದು ಬಿಟ್ಟು ಇಳಿದರೆ ಯಂತ್ರವನ್ನು ಬೈಯುವ ಮೊದಲು ಈ ಸಾಲು ನೋಡಿ.

ಸರಿಯಾದದ್ದು ಇದು:

```python
import numpy as np
from scipy.io import wavfile

fs, T = 48000, 20.0
f0, f1 = 100.0, 10000.0

t = np.arange(int(fs * T)) / fs
k = np.log(f1 / f0)
phase = 2 * np.pi * f0 * T / k * (np.exp(k * t / T) - 1)
x = 0.1 * np.sin(phase)

n = int(0.05 * fs)
ramp = 0.5 - 0.5 * np.cos(np.pi * np.arange(n) / n)
x[:n] *= ramp
x[-n:] *= ramp[::-1]

wavfile.write("sweep.wav", fs, (x * 32767).astype(np.int16))
```

`ramp` ಶುರುವಿಗೂ ಕೊನೆಗೂ 50 ಮಿಲಿಸೆಕೆಂಡಿನ ಇಳಿಜಾರು ಕೊಡುತ್ತದೆ, ಇಲ್ಲದಿದ್ದರೆ ಟಪ್ ಅಂತ ಹೊಡೆಯುತ್ತದೆ. `0.1` ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಅದು ಫೈಲ್ ಹಿಡಿಯುವ ಗರಿಷ್ಠಕ್ಕಿಂತ 20 ಡೆಸಿಬೆಲ್ ಕೆಳಗೆ.

ಫೈಲನ್ನು ಫೋನಿಗೆ ಹಾಕಿಕೊಂಡ. ನಾನು ಒಳಗೆ ಅವಲಕ್ಕಿ ತಿನ್ನುತ್ತಿದ್ದೆ. "ಮಾಮಾ, ಮೊದ್ಲ ಐದ್ ಸೆಕೆಂಡ್ ಏನೂ ಕೇಳ್ಸವಲ್ದು" ಅಂದ. ನಾನು ಬಾಯಿ ತೆರೆಯುವುದರೊಳಗೆ ಫೈಲನ್ನು ಮೊದಲಿಂದ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಫೋನನ್ನು ಕಿವಿಗೆ ಹಚ್ಚಿಕೊಂಡಿದ್ದ. 15ನೇ ಸೆಕೆಂಡಿಗೆ ಕಿರುಚಿ ಫೋನ್ ಸೋಫಾ ಮೇಲೆ ಒಗೆದ.

ಆ ಐದು ಸೆಕೆಂಡು ಫೈಲಿನಲ್ಲಿ ಸದ್ದು ಇತ್ತು, ಸ್ಪೀಕರ್‌ಗೆ ಅದನ್ನು ಹೊರಹಾಕುವ ತಾಕತ್ತಿರಲಿಲ್ಲ. 100ರಿಂದ 300 ಹರ್ಟ್ಸ್‌ಗೆ ಬರಲು ಈ ಸ್ವೀಪ್ 4.8 ಸೆಕೆಂಡು ತಗೊಳ್ಳುತ್ತದೆ. ಫೋನಿನ ಸ್ಪೀಕರ್‌ನ ತೆಳು ಪೊರೆ ಹೆಬ್ಬೆರಳಿನ ಉಗುರಿನಷ್ಟು, ಹಿಂದೆ ಮುಂದೆ ಆಡಲು ಇರುವ ಜಾಗ ಒಂದು ಮಿಲಿಮೀಟರ್ ಆಸುಪಾಸು. ಸ್ವರ ಒಂದು ಸಪ್ತಕ ಇಳಿದರೆ ಅಷ್ಟೇ ಜೋರು ಕೇಳಿಸಲು ಪೊರೆ ನಾಲ್ಕು ಪಟ್ಟು ದೂರ ಆಡಬೇಕು. 800ರಿಂದ 100ಕ್ಕೆ ಮೂರು ಸಪ್ತಕ, ಅಂದರೆ 64 ಪಟ್ಟು. ಎಲ್ಲಿಂದ ತರೋದು? ಸಾಮಾನ್ಯವಾಗಿ 800-1000 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ಇಂಥ ಸ್ಪೀಕರ್‌ಗಳ ಸದ್ದು ಜಾರುತ್ತಾ ಹೋಗುತ್ತದೆ. ವಾಲ್ಯೂಮ್ ಏರಿಸಿದರೆ ತಗ್ಗಿನ ಸ್ವರ ಬರುವ ಬದಲು ಗುರ್ ಅನ್ನುವ ಒಡಕು ಬರುತ್ತದೆ. ಅದು 100 ಹರ್ಟ್ಸ್ ಅಲ್ಲ, ಪೊರೆ ತಡಬಡಾಯಿಸಿ ಹುಟ್ಟಿಸಿದ 200, 300ರ ಚೂರುಗಳು.

"ಹಂಗಾರ ತಂಬೂರಿ ಆ್ಯಪ್ ಹೆಂಗ್ ಕೇಳಸ್ತದ?" ಅಂದ. ಧಾರವಾಡದ ಕಡೆಯ ಹುಡುಗ, ಕೇಳಲೇಬೇಕಾದ ಪ್ರಶ್ನೆ. ಗಂಡಸರು ಹಾಡುವ, ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ ಸುಮಾರು 139 ಹರ್ಟ್ಸ್, ಖರ್ಜದ ತಂತಿ ಅದರ ಅರ್ಧ. ಫೋನಿನಿಂದ ಆ ಮೂಲ ಸ್ವರ ಹೊರಬರುವುದೇ ಇಲ್ಲ ಅನ್ನಬಹುದು. ಆದರೆ ತಂಬೂರಿಯ ಒಂದು ಮೀಟಿನಲ್ಲಿ ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳ ದೊಡ್ಡ ಗುಂಪೇ ಇರುತ್ತದೆ. ಅವನ್ನು ಕೇಳಿ ಮಿದುಳು ತಾನೇ ಖರ್ಜ ತುಂಬಿಕೊಳ್ಳುತ್ತದೆ. ಸ್ವೀಪ್‌ನಲ್ಲಿ ಆ ಗುಂಪಿಲ್ಲ, ಒಂಟಿ ಸ್ವರ ಅಷ್ಟೇ. ಅದು ಹೋದರೆ ಏನೂ ಇಲ್ಲ.

ಇನ್ನು ಆ 15ನೇ ಸೆಕೆಂಡು. ಅಲ್ಲಿ ಸ್ವೀಪ್ 3,000 ಹರ್ಟ್ಸ್ ಮುಟ್ಟಿರುತ್ತದೆ. ಅಲ್ಲಿ ಸ್ಪೀಕರ್ ಜೋರಾಗಿ ಹಾಡುತ್ತದೆ, ಕಿವಿಯ ಕೊಳವೆಯೂ ಆಸುಪಾಸಿನ ಸ್ವರವನ್ನೇ ಎತ್ತಿ ಹಿಡಿಯುತ್ತದೆ. ಕೇಳಿಸದ ಜಾಗದಲ್ಲಿ ಏರಿಸಿದ ವಾಲ್ಯೂಮು, ಕಿವಿ ಅತಿ ಚುರುಕಾಗಿರುವ ಜಾಗದಲ್ಲಿ ಬಂದು ಹೊಡೆಯುತ್ತದೆ. ಜೊತೆಗೆ ಸಣ್ಣ ಸ್ಪೀಕರನ್ನು ಒಂದು ಮೀಟರ್‌ನಿಂದ ಐದು ಸೆಂಟಿಮೀಟರ್‌ಗೆ ತಂದರೆ ಲೆಕ್ಕಕ್ಕೆ 26 ಡೆಸಿಬೆಲ್ ಜಾಸ್ತಿ. ಕೆಲಸದ ಜಾಗಗಳಿಗೆ ಬಳಸುವ ಒಂದು ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ತಾಸು, ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. ಹಾಗೆ ನೋಡಿದರೆ 100ಕ್ಕೆ ಹದಿನೈದೇ ನಿಮಿಷ.

ಹಾಗಾಗಿ ನಾನು ಸ್ವೀಪ್‌ಗಿಂತ ಮೊದಲು ಅದೇ `0.1` ಎತ್ತರದ 1,000 ಹರ್ಟ್ಸ್ ಸದ್ದು ಹಾಕುತ್ತೇನೆ. ಫೋನ್ ಮೇಜಿನ ಮೇಲೆ, ನಾನು ಒಂದು ತೋಳು ದೂರ. ವಾಲ್ಯೂಮ್ ಸೊನ್ನೆಯಿಂದ ಏರಿಸಿ, ಮನೆಯ ಮಾತಿನಷ್ಟು ಕೇಳಿಸಿದರೆ ಸಾಕು. ಆಮೇಲೆ ಸ್ವೀಪ್, ಗುಂಡಿಗೆ ಕೈ ಹಚ್ಚುವಂತಿಲ್ಲ. ಕೇಳಿಸದಿದ್ದರೆ ಕೇಳಿಸಲಿಲ್ಲ ಅಂತ ಬರೆದುಕೊಳ್ಳುವುದು, ಉತ್ತರವೇ ಅದು. ಕೋಡಿನಲ್ಲೂ `0.1` ಅನ್ನು 1ಕ್ಕೆ ಏರಿಸಬೇಡಿ. ಫೋನ್ ತನ್ನನ್ನು ಕಾಪಾಡಿಕೊಳ್ಳಲು ಸದ್ದನ್ನು ಒಳಗೇ ಅದುಮಬಹುದು, ಆಮೇಲೆ ನೀವು ಕೇಳುವುದು ಸ್ಪೀಕರ್‌ನ ನಿಜ ಅಲ್ಲ. ಇಯರ್‌ಫೋನಿನಲ್ಲಿ ಈ ಆಟವೇ ಬೇಡ. 10,000ಕ್ಕೆ ನಿಲ್ಲಿಸುವುದಕ್ಕೂ ಕಾರಣವಿದೆ: ಅದರ ಮೇಲೆ ವಯಸ್ಸಾದಂತೆ ಕಿವಿ ಕೈಕೊಡುತ್ತದೆ, ಕೇಳಿಸಲಿಲ್ಲ ಅಂತ ಮತ್ತೆ ಗುಂಡಿಗೆ ಕೈ ಹೋಗುತ್ತದೆ.

ಸಂಜೆ ಹೀಗೇ ಮತ್ತೊಮ್ಮೆ ಹಾಕಿದೆವು. ಆರನೇ ಸೆಕೆಂಡಿಗೆ ಸದ್ದು ಕಾಣಿಸಿಕೊಂಡಿತು. ಒಂಬತ್ತಕ್ಕೆ, ಅಂದರೆ 800 ಹರ್ಟ್ಸ್ ಹತ್ತಿರ, ಝರ್ ಅಂತ ಒಂದು ಕಿರಿಕಿರಿ. "ಸ್ಪೀಕರ್ ಹೋತು" ಅಂತ ಮುಖ ಸಣ್ಣ ಮಾಡಿದ. ಫೋನಿನ ಕವರ್ ಬಿಚ್ಚಿಸಿ ಸ್ವೀಪ್ ಮತ್ತೆ ಹಾಕಿಸಿದೆ. ಝರ್ ಇರಲಿಲ್ಲ. ಕವರಿನ ಒಂದು ಮೂಲೆ ಸಡಿಲವಾಗಿತ್ತು.